ಒಂದೇ ಪುಟದ ಕಾಗುಣಿತ ಹಾಳೆ: ಸಂಪಾದಕೀಯ ತಂಡಕ್ಕೆ ಬರೆದುಕೊಡುವುದು ಹೇಗೆ?

ಸರ್ಕಾರ ಸರಿಯೋ, ಸರಕಾರ ಸರಿಯೋ? ಎಲ್ಲ ಎಂದು ಬರೆಯಬೇಕೋ, ಎಲ್ಲಾ ಎಂದೋ? ತಾಲ್ಲೂಕೋ, ತಾಲೂಕೋ? ಸಣ್ಣ ಪತ್ರಿಕೆ, ಪ್ರಕಾಶನ, ಸಂಘದ ವಾರ್ಷಿಕ ಸಂಚಿಕೆ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಒಂದೇ. ಎರಡು ರೂಪಗಳೂ ಚಲಾವಣೆಯಲ್ಲಿವೆ, ನಿಮ್ಮ ಪತ್ರಿಕೆಯಲ್ಲಿ ಮಾತ್ರ ಒಂದೇ ಇರಲಿ. ಯಾವುದು ಇರಬೇಕೆಂದು ಒಬ್ಬರು ತೀರ್ಮಾನಿಸಿ, ಒಂದು ಪುಟದಲ್ಲಿ ಬರೆದು, ತಂಡದ ಎಲ್ಲರಿಗೂ ತಲುಪಿಸಬೇಕು. ಪತ್ರಿಕಾ ಕಚೇರಿಗಳಲ್ಲಿ ಇದಕ್ಕೆ ಸ್ಟೈಲ್ ಶೀಟ್ ಎನ್ನುತ್ತಾರೆ. ಎರಡು ಮೂರು ಬಗೆಯಲ್ಲಿ ಬರೆಯಬಹುದಾದ ಪದವನ್ನು ಈ ಮನೆಯಲ್ಲಿ ಹೇಗೆ ಬರೆಯುತ್ತೇವೆ ಎಂದು ಹೇಳುವ ಹಾಳೆ ಅದು.

ಹಾಳೆ ಒಂದೇ ಪುಟವಿರಬೇಕು ಎಂಬ ಹಟಕ್ಕೆ ಕಾರಣವಿದೆ. ನಲವತ್ತು ಪುಟದ ಕೈಪಿಡಿಯನ್ನು ಸಂಚಿಕೆ ಮುಗಿಸುವ ರಾತ್ರಿ ಯಾರೂ ತೆರೆಯುವುದಿಲ್ಲ. ಗೋಡೆಗೆ ಅಂಟಿಸಿದ ಒಂದು ಹಾಳೆಯ ಕಡೆಗೆ ಕುಳಿತಲ್ಲಿಂದಲೇ ಕಣ್ಣು ಹಾಯಿಸಬಹುದು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ನಿಮ್ಮ ಹಿಂದಿನ ಮೂರು ಸಂಚಿಕೆಗಳ ಕಡತಗಳು, ಒಂದು ನಿಘಂಟು, ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಅಥವಾ ಅಂಥದೇ ಒಂದು ಬರಹ ತಂತ್ರಾಂಶ ಇದ್ದರೆ ಸಾಕು. ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ದಿನದ ಕೆಲಸಕ್ಕೆ ಸಾಲುತ್ತದೆ. ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಕೊನೆಯ ಮಾತು ಯಾರದೆಂಬ ಒಪ್ಪಂದ. ಕಾಗುಣಿತವನ್ನು ಸಭೆಯಲ್ಲಿಟ್ಟು ಮತ ಹಾಕಿಸಲು ಹೋದರೆ ಮೊದಲ ಪದದಲ್ಲೇ ಸಂಜೆಯಾಗುತ್ತದೆ.

1. ಮೊದಲು ನಿಮ್ಮ ಸಂಚಿಕೆಗಳಲ್ಲಿ ಏನಿದೆ ಎಂದು ನೋಡಿ

ತಲೆಯಲ್ಲಿರುವ ಪಟ್ಟಿಯಿಂದ ಶುರುಮಾಡಬೇಡಿ. ನಿಮಗೆ ಸಿಟ್ಟು ಬರಿಸುವ ಪದಗಳು ಬೇರೆ, ನಿಮ್ಮ ಪತ್ರಿಕೆಯಲ್ಲಿ ನಿಜವಾಗಿ ಎರಡು ಬಗೆಯಾಗಿ ಅಚ್ಚಾಗುತ್ತಿರುವ ಪದಗಳು ಬೇರೆ. ಮೂರು ಸಂಚಿಕೆಗಳನ್ನು ಪೆನ್ಸಿಲ್ ಹಿಡಿದು ಓದಿ. ಒಂದೇ ಪದ ಎರಡು ರೂಪದಲ್ಲಿ ಸಿಕ್ಕ ಕೂಡಲೇ ಜೋಡಿಯಾಗಿ ಬರೆದಿಟ್ಟುಕೊಳ್ಳಿ. ಆಮೇಲೆ ಕಡತದಲ್ಲಿ ಎರಡೂ ರೂಪಗಳನ್ನು ಹುಡುಕಿ, ಯಾವುದು ಎಷ್ಟು ಸಲ ಬಂದಿದೆ ಎಂದು ಪಕ್ಕದಲ್ಲಿ ಗುರುತಿಸಿ.

ಈ ಎಣಿಕೆ ಮುಂದೆ ನಿಮ್ಮ ಕೈ ಹಿಡಿಯುತ್ತದೆ. ಎರಡು ರೂಪಗಳ ನಡುವೆ ಆರಿಸಲು ಬೇರೆ ಕಾರಣವೇ ಇಲ್ಲದಾಗ, ಈಗಾಗಲೇ ಹೆಚ್ಚು ಬಳಕೆಯಲ್ಲಿರುವುದನ್ನು ಉಳಿಸಿಕೊಂಡರೆ ತಿದ್ದುವ ಕೆಲಸವೂ ಕಡಿಮೆ, ಜಗಳವೂ ಕಡಿಮೆ. ಯಾರ ಬರಹದಲ್ಲಿ ಯಾವ ರೂಪ ಬರುತ್ತದೆ ಎಂಬುದನ್ನೂ ಗಮನಿಸಿ. ಒಬ್ಬರು ಏಪ್ರಿಲ್ ಎಂದರೆ ಇನ್ನೊಬ್ಬರು ಎಪ್ರಿಲ್ ಎನ್ನುತ್ತಾರೆ. ಅವರು ಓದಿ ಬೆಳೆದ ಪತ್ರಿಕೆಯಲ್ಲಿ ಹಾಗೆ ಇದ್ದಿರಬಹುದು. ಅದು ಅಜ್ಞಾನವಲ್ಲ, ರೂಢಿ. ಹಾಳೆಯನ್ನು ಹಂಚುವ ದಿನ ಈ ವ್ಯತ್ಯಾಸ ನೆನಪಿರಲಿ.

2. ತಪ್ಪನ್ನೂ ಆಯ್ಕೆಯನ್ನೂ ಬೇರೆ ಮಾಡಿ

ಹೆಚ್ಚಿನ ಹಾಳೆಗಳು ಹದಗೆಡುವುದು ಈ ಹಂತದಲ್ಲಿ. ಕೂಡಿಟ್ಟ ಜೋಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಯ್ಕೆಯ ವಿಷಯಗಳೇ ಆಗಿರುವುದಿಲ್ಲ, ಬರೀ ತಪ್ಪುಗಳಾಗಿರುತ್ತವೆ. ಅದ್ಯಕ್ಷ, ಹಾರ್ಧಿಕ, ಉದ್ಘಾಟಣೆ, ಸಂಭಂದ ಇವುಗಳನ್ನು ತಿದ್ದಲು ನಿಮ್ಮ ತೀರ್ಮಾನ ಬೇಕಿಲ್ಲ, ನಿಘಂಟು ಸಾಕು. ಇವನ್ನು ಹಾಳೆಗೆ ಸೇರಿಸಿದರೆ ಪುಟ ತುಂಬಿಹೋಗುತ್ತದೆ, ನಿಜವಾಗಿ ತೀರ್ಮಾನ ಬೇಕಾದ ಪದಗಳಿಗೆ ಜಾಗವೇ ಉಳಿಯುವುದಿಲ್ಲ.

ಬೇರ್ಪಡಿಸುವ ಪರೀಕ್ಷೆ ಸರಳ. ಈ ಎರಡನೆಯ ರೂಪವನ್ನು ಬಲ್ಲವರು, ತಿಳಿದೂ ತಿಳಿದೂ, ಅಚ್ಚಿನಲ್ಲಿ ಬಳಸುತ್ತಾರೆಯೇ? ಬಳಸುತ್ತಾರಾದರೆ ಅದು ಆಯ್ಕೆ. ಸರ್ಕಾರ, ಸರಕಾರ ಎರಡನ್ನೂ ರಾಜ್ಯದ ದಿನಪತ್ರಿಕೆಗಳಲ್ಲಿ ಕಾಣಬಹುದು. ತತ್ತ್ವ ಮತ್ತು ತತ್ವ, ದೆಹಲಿ ಮತ್ತು ದಿಲ್ಲಿ ಜೋಡಿಗಳೂ ಹಾಗೆಯೇ. ಕಛೇರಿ ಇನ್ನೂ ಎಷ್ಟೋ ಸರ್ಕಾರಿ ಫಲಕಗಳಲ್ಲಿದೆ, ಪತ್ರಿಕೆಗಳಲ್ಲಿ ಕಚೇರಿಯೇ ಹೆಚ್ಚು. ಇವೆಲ್ಲ ಹಾಳೆಗೆ ಬರಬೇಕಾದವು.

ತೊಂದರೆ ಕೊಡುವುದು ನಡುವಿನ ಪದಗಳು. ತಪ್ಪೇ ಆಗಿದ್ದರೂ ಎಲ್ಲರೂ ಬರೆಯುತ್ತಾರೆಂಬ ಕಾರಣಕ್ಕೆ ಆಯ್ಕೆಯಂತೆ ವೇಷ ಹಾಕಿಕೊಂಡು ಬರುವಂಥವು. ಕನಿಷ್ಟ, ಗರಿಷ್ಟ, ಶ್ರೇಷ್ಟ, ಅನುಷ್ಟಾನ ಇವು ತಪ್ಪು. ಕನಿಷ್ಠ, ಗರಿಷ್ಠ, ಶ್ರೇಷ್ಠ, ಅನುಷ್ಠಾನ ಸರಿ. ಇಷ್ಟು ಕಲಿತವರು ಉತ್ಸಾಹದಲ್ಲಿ ಪರಿಶಿಷ್ಟ, ವಿಶಿಷ್ಟ, ಸ್ಪಷ್ಟಗಳಿಗೂ ಠಕಾರ ಹಚ್ಚಿಬಿಡುತ್ತಾರೆ, ಅದೂ ತಪ್ಪು. ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ, ಕೋಟಿ ಮತ್ತು ಅಂತರ ಸೇರಿದರೆ ಕೋಟ್ಯಂತರ. ಲಕ್ಷಾಂತರದ ಗುಂಗಿನಲ್ಲಿ ಕೋಟ್ಯಾಂತರ ಹುಟ್ಟಿಕೊಂಡಿದೆ. ತಿಂಡಿಗೆ ಉಪಾಹಾರ ಎನ್ನಬೇಕು, ಉಪಹಾರ ಎಂದರೆ ಕಾಣಿಕೆ.

ಇಂಥವು ನಿಮ್ಮ ತಂಡದಲ್ಲಿ ಪದೇ ಪದೇ ನುಸುಳುತ್ತಿದ್ದರೆ ಅವಕ್ಕೆಂದೇ ಬೇರೊಂದು ಹಾಳೆ ಮಾಡಿ, ತಲೆಬರಹ 'ತಪ್ಪೊಪ್ಪು' ಎಂದಿರಲಿ. ಅದು ಎಷ್ಟು ಪುಟವಾದರೂ ಆಗಲಿ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಇನ್ನೊಂದು ಕೆಡುಕೂ ಉಂಟು. ಸರಕಾರ ಎಂದು ಜೀವಮಾನವಿಡೀ ಬರೆದ ಹಿರಿಯ ಲೇಖಕರು ತಮ್ಮ ಪದ ಅದ್ಯಕ್ಷದ ಪಕ್ಕದಲ್ಲಿ ಕುಳಿತಿರುವುದನ್ನು ಕಂಡರೆ, ತಮಗೆ ಕನ್ನಡ ಬರುವುದಿಲ್ಲ ಎಂದು ನೀವು ಹೇಳಿದಿರಿ ಎಂದೇ ಭಾವಿಸುತ್ತಾರೆ. ಭಾವಿಸಿದರೆ ತಪ್ಪೂ ಇಲ್ಲ.

3. ಪದ ಪದಕ್ಕಲ್ಲ, ಗುಂಪು ಗುಂಪಿಗೆ ತೀರ್ಮಾನಿಸಿ

ಉಳಿದ ಆಯ್ಕೆಗಳನ್ನು ಒಂದೊಂದಾಗಿ ಬಿಡಿಸಲು ಕೂರಬೇಡಿ. ಒಂದೇ ಬಗೆಯ ಗೊಂದಲವಿರುವ ಪದಗಳನ್ನು ಒಟ್ಟಿಗೆ ಇಡಿ. ಎಲ್ಲ/ಎಲ್ಲಾ, ಕೂಡ/ಕೂಡಾ ಇವು ಒಂದು ಗುಂಪು, ಪ್ರಶ್ನೆ ಕೊನೆಯ ಸ್ವರ ಹ್ರಸ್ವವೋ ದೀರ್ಘವೋ ಎಂಬುದು. ತತ್ತ್ವ, ಸತ್ತ್ವ, ಮಹತ್ತ್ವ, ಉಜ್ಜ್ವಲ ಇನ್ನೊಂದು ಗುಂಪು. ಇಲ್ಲಿ ಒತ್ತಕ್ಷರಗಳ ಸಾಲನ್ನು ಪೂರ್ತಿ ಬರೆಯಬೇಕೋ, ತತ್ವ, ಸತ್ವ, ಮಹತ್ವ, ಉಜ್ವಲ ಎಂದು ಸರಳಗೊಳಿಸಬೇಕೋ ಎಂಬುದು ಪ್ರಶ್ನೆ. ಶಾಸ್ತ್ರಗ್ರಂಥ ಪ್ರಕಟಿಸುವವರು ಪೂರ್ತಿ ರೂಪ ಇಟ್ಟುಕೊಳ್ಳುವುದು ಸಹಜ, ಸಾಮಾನ್ಯ ಓದುಗರ ಮಾಸಪತ್ರಿಕೆಗೆ ಸರಳ ರೂಪ ಸಾಕು. ಯಾವುದನ್ನೇ ಆರಿಸಿ, ಗುಂಪಿಡೀ ಒಂದೇ ಕಡೆ ನಿಲ್ಲಲಿ. ತತ್ವ ಎಂದು ಬರೆದು ಮಹತ್ತ್ವ ಎಂದರೆ ನಿಯಮವಿದ್ದೂ ಇಲ್ಲದಂತೆ. ಗುಂಪಿಗೊಂದು ತೀರ್ಮಾನವಿದ್ದರೆ ಪಟ್ಟಿಯಲ್ಲಿ ಇಲ್ಲದ ಪದ ಎದುರಾದಾಗಲೂ ತಂಡದವರು ತಾವೇ ಊಹಿಸಿಕೊಳ್ಳಬಲ್ಲರು.

ಎಲ್ಲಕ್ಕಿಂತ ದೊಡ್ಡ ಗುಂಪು ಇಂಗ್ಲಿಷಿನಿಂದ ಬಂದ ಪದಗಳದ್ದು. ಇಲ್ಲಿ ಸ್ವಲ್ಪ ನಿಧಾನಿಸೋಣ.

ಬಸ್ ಎಂದು ಬರೆಯುತ್ತೀರೋ, ಬಸ್ಸು ಎಂದೋ? ಬಹಳ ಹಾಳೆಗಳು ಇಷ್ಟನ್ನು ತೀರ್ಮಾನಿಸಿ ಕೈತೊಳೆದುಕೊಳ್ಳುತ್ತವೆ. ಆದರೆ ಕನ್ನಡದಲ್ಲಿ ಪದ ಬರಿಗೈಯಲ್ಲಿ ಬರುವುದು ಕಡಿಮೆ, ವಿಭಕ್ತಿಯನ್ನು ಹೊತ್ತೇ ಬರುತ್ತದೆ. 'ಬಸ್' ಎಂದು ತೀರ್ಮಾನಿಸಿದ ಮೇಲೆ ಅದರ ಸಪ್ತಮಿ ಏನು? ಬಸ್‌ನಲ್ಲಿ ಎಂದೋ, ಬಸ್ಸಿನಲ್ಲಿ ಎಂದೋ? ಬಹುವಚನ ಬಸ್‌ಗಳೋ, ಬಸ್ಸುಗಳೋ? ಹಾಳೆಯಲ್ಲಿ ಇದಿಲ್ಲದಿದ್ದರೆ ಒಂದೇ ವರದಿಯಲ್ಲಿ ಎರಡೂ ರೂಪಗಳು ಬರುತ್ತವೆ, ಬರೆದವರೆಲ್ಲರೂ ಹಾಳೆಯನ್ನು ಪಾಲಿಸಿದ್ದೇವೆಂದೇ ಹೇಳುತ್ತಾರೆ. ಆದ್ದರಿಂದ ಎರವಲು ಪದದ ಪ್ರತಿ ನಮೂದಿಗೂ ಒಂದು ವಿಭಕ್ತಿ ರೂಪವನ್ನೂ ಒಂದು ಬಹುವಚನವನ್ನೂ ಜೊತೆಗೆ ಕೊಡಿ.

ಯಾವ ಪದಕ್ಕೆ ಯಾವ ರೂಪ ಎಂದು ತಿಳಿಯಲು ಪದಕ್ಕೆ 'ಇಂದ' ಹಚ್ಚಿ ಗಟ್ಟಿಯಾಗಿ ಓದಿ. ರೈಲಿನಿಂದ, ಕಾರಿನಿಂದ, ಬಸ್ಸಿನಿಂದ, ಬ್ಯಾಂಕಿನಿಂದ ಇವು ತಡೆಯಿಲ್ಲದೆ ಬರುತ್ತವೆ. ಪದ ಕನ್ನಡದ ಮೈಗೆ ಹೊಂದಿಕೊಂಡಿದೆ ಎಂದರ್ಥ, ಕನ್ನಡದ ಪ್ರತ್ಯಯವನ್ನೇ ಕೊಡಿ. ಲ್ಯಾಪ್‌ಟಾಪಿನಿಂದ ಎಂದರೆ ಕೆಲವರಿಗೆ ಸಹಜ, ಕೆಲವರಿಗೆ ಮುಜುಗರ. ಅಂಥವನ್ನು ಲ್ಯಾಪ್‌ಟಾಪ್‌ನಿಂದ ಎಂದೇ ಇಟ್ಟುಕೊಳ್ಳಬಹುದು. ನನ್ನ ಒಲವು ಸಾಧ್ಯವಾದಷ್ಟೂ ಬಸ್ಸಿನಲ್ಲಿ, ಬ್ಯಾಂಕಿಗೆ, ಪೊಲೀಸರು ಎಂಬ ಕಡೆಗೆ. ಕಿವಿಗೆ ಹಿತ ಎಂಬುದು ಒಂದು ಕಾರಣ, ಯಂತ್ರದ ಕೈಯಲ್ಲಿ ಕೆಡುವುದಿಲ್ಲ ಎಂಬುದು ಇನ್ನೊಂದು. ಆ ಎರಡನೆಯದನ್ನು ನಾಲ್ಕನೇ ಹಂತದಲ್ಲಿ ನೋಡೋಣ.

ಎರವಲು ಪದಗಳಲ್ಲಿ ಇನ್ನು ಮೂರು ತೀರ್ಮಾನ ಸಾಕು. ಪದದ ಮೊದಲಲ್ಲಿ ಬರುವ ಬಾಯಗಲಿಸಿದ 'ಆ್ಯ' ಧ್ವನಿಗೆ ಒಂದೇ ಬರಹ ಇರಲಿ, ಆ್ಯಪ್, ಅ್ಯಪ್, ಯಾಪ್ ಮೂರೂ ಒಂದೇ ಪುಟದಲ್ಲಿ ಸಿಗಬಾರದು. ಕೊನೆಗೆ ಷನ್ ಬರೆಯುವುದೋ ಶನ್ ಬರೆಯುವುದೋ ಗೊತ್ತುಮಾಡಿ, ಆಮೇಲೆ ಸ್ಟೇಷನ್‌ನಿಂದ ಅಪ್ಲಿಕೇಷನ್‌ವರೆಗೆ ಎಲ್ಲಕ್ಕೂ ಅದೇ. ಫ, ಜಗಳ ಕೆಳಗೆ ಚುಕ್ಕಿ ಇಟ್ಟು ಫ಼, ಜ಼ ಎಂದು ಬರೆಯುವ ಪದ್ಧತಿ ಬೇಕೇ ಬೇಡವೇ ಎಂಬುದು ಮೂರನೆಯದು. ಬೇಡವೆಂಬುದು ನನ್ನ ಅಭಿಪ್ರಾಯ. ಫೋನ್, ಕಾಫಿಗಳನ್ನು ಓದುಗರು ಚುಕ್ಕಿಯಿಲ್ಲದೆಯೇ ಸರಿಯಾಗಿ ಓದುತ್ತಾರೆ, ಕೆಲವು ಅಕ್ಷರವಿನ್ಯಾಸಗಳಲ್ಲಿ ಆ ಚುಕ್ಕಿ ಅಡ್ಡಾದಿಡ್ಡಿಯಾಗಿ ಕೂರುತ್ತದೆ.

ತಿಂಗಳ ಹೆಸರುಗಳನ್ನು ಮಾತ್ರ ಹನ್ನೆರಡನ್ನೂ ಬಿಡದೆ ಬರೆದುಬಿಡಿ. ಆಗಸ್ಟ್, ಅಗಸ್ಟ್, ಸೆಪ್ಟೆಂಬರ್, ಸಪ್ಟೆಂಬರ್ ಎಂಬ ಏರುಪೇರು ಪ್ರತಿ ಸಂಚಿಕೆಯಲ್ಲೂ ಬರುವಂಥದು.

4. ಕಣ್ಣಿಗೆ ಕಾಣದ ಅಕ್ಷರಗಳಿಗೂ ನಿಯಮ ಬೇಕು

ಕನ್ನಡದ ಹಾಳೆಯಲ್ಲಿ ಈ ಭಾಗ ಇಲ್ಲದಿದ್ದರೆ ಉಳಿದದ್ದೆಲ್ಲ ಅರ್ಧ ಕೆಲಸ. ಯೂನಿಕೋಡಿನಲ್ಲಿ, ಅಂದರೆ ಈಗ ಎಲ್ಲ ಯಂತ್ರಗಳೂ ಬಳಸುವ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ, ಅಗಲವೇ ಇಲ್ಲದ ಎರಡು ಸಂಕೇತಗಳಿವೆ. ಒಂದು ಬಿಡಿಸುವ ಸಂಕೇತ, `U+200C`. ಇನ್ನೊಂದು ಕೂಡಿಸುವ ಸಂಕೇತ, `U+200D`.

ಬಿಡಿಸುವ ಸಂಕೇತ ಬೇಕಾಗುವುದು ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಾಗದಂತೆ ತಡೆಯಲು. ಸಾಫ್ಟ್‌ವೇರ್ ಎಂಬಲ್ಲಿ ಅದು ಬಿದ್ದುಹೋದರೆ ಸಾಫ್ಟ್ವೇರ್ ಆಗುತ್ತದೆ, ಬಸ್‌ನಲ್ಲಿ ಎಂಬುದು ಬಸ್ನಲ್ಲಿ ಆಗುತ್ತದೆ. ಬರಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವಾಗ, ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಈ ಸಂಕೇತ ಸದ್ದಿಲ್ಲದೆ ಕಳೆದುಹೋಗುವುದುಂಟು. ಬಸ್ಸಿನಲ್ಲಿ ಎಂದು ಬರೆದರೆ ಕಳೆದುಹೋಗಲು ಏನೂ ಇರುವುದಿಲ್ಲ. ಮೇಲೆ ಹೇಳಿದ ಒಲವಿಗೆ ಇದೇ ಕಾರಣ.

ಇದರ ತಿರುವುಮುರುವು ಸಮಸ್ಯೆಯೂ ಇದೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಈ ಸಂಕೇತವನ್ನು ತಾವಾಗಿ ಸೇರಿಸುತ್ತವೆ. ಆಗ ನೋಡಲು ಒಂದೇ ಥರ ಕಾಣುವ ಎರಡು 'ಬಸ್'ಗಳು ಕಡತದಲ್ಲಿರುತ್ತವೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಮೊದಲ ಹಂತದ ನಿಮ್ಮ ಎಣಿಕೆ ತಾಳೆಯಾಗದಿದ್ದರೆ ಇದನ್ನೇ ಶಂಕಿಸಿ.

ಕೂಡಿಸುವ ಸಂಕೇತದ ತಕರಾರು ಬಹುತೇಕ ಒಂದೇ ಕಡೆ, ರಕಾರದಲ್ಲಿ. ರ, ್, ಯ ಎಂದು ಒತ್ತಿದರೆ ಅರ್ಕಾವೊತ್ತು ಬರುತ್ತದೆ. ಸೂರ್ಯ, ಕಾರ್ಯಕ್ಕೆ ಅದು ಸರಿ. ಪದದ ಮೊದಲಲ್ಲೇ ರಕಾರ ಬಂದಾಗ ಮಾತ್ರ ರ್ಯಾಲಿ, ರ್ಯಾಂಕ್ ಎಂದಾಗಿ ಮೊದಲ ಅಕ್ಷರವೇ ತಲೆಕೆಳಗಾಗುತ್ತದೆ. ರಕಾರದ ಮುಂದೆ, ಅರ್ಧಾಕ್ಷರದ ಚಿಹ್ನೆಗಿಂತ ಮೊದಲು, `U+200D` ಇಟ್ಟರೆ ರ‍್ಯಾಲಿ, ರ‍್ಯಾಂಕ್ ಎಂದು ನೆಟ್ಟಗೆ ಕೂರುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಈ ಸಂಕೇತಗಳಿಗೆ ಕೀಲಿ ಸಿಗದಿದ್ದರೆ, ಲಿಬ್ರೆ ಆಫೀಸಿನಲ್ಲಿ ಬೇಕಾದ ಜಾಗದಲ್ಲಿ `200D` ಅಥವಾ `200C` ಎಂದು ಬೆರಳಚ್ಚಿಸಿ, ಕೂಡಲೇ `Alt+X` ಒತ್ತಿ. ಅಂಕಿ ಮಾಯವಾಗಿ ಸಂಕೇತ ಕೂರುತ್ತದೆ.

ಇವೆರಡರ ಜೊತೆಗೆ ಎರಡು ವೇಷಧಾರಿಗಳನ್ನೂ ಹಿಡಿಯಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ, ವಿಸರ್ಗದ ಜಾಗದಲ್ಲಿ ಇಂಗ್ಲಿಷಿನ ಕೋಲನ್ ಚಿಹ್ನೆ. ಅ೦ಗಡಿ ಮತ್ತು ಅಂಗಡಿ ಅಚ್ಚಿನಲ್ಲಿ ಬಹುಪಾಲು ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಬೇರೆ ಬೇರೆ ಪದಗಳು. ದು:ಖ ಮತ್ತು ದುಃಖ ಕೂಡ ಅಷ್ಟೇ. ಲಿಬ್ರೆ ಆಫೀಸಿನಲ್ಲಿ `Ctrl+H` ಒತ್ತಿ, ಹುಡುಕುವ ಚೌಕದ ಕೆಳಗಿನ ಆಯ್ಕೆಗಳಲ್ಲಿ `Regular expressions` ಗುರುತು ಹಾಕಿ ಇವನ್ನು ಒಂದೊಂದಾಗಿ ಹುಡುಕಿ:

```
[\u0C85-\u0CCD]\u0CE6
[\u0C85-\u0CCD]:[\u0C85-\u0CB9]
\u200C(?=[\s.,;!?]|$)
```

ಮೊದಲ ಸಾಲು ಅಕ್ಷರಕ್ಕೆ ಅಂಟಿಕೊಂಡ ಸೊನ್ನೆಯನ್ನು ಹಿಡಿಯುತ್ತದೆ, ಎರಡನೆಯದು ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ ಕೋಲನ್ ಚಿಹ್ನೆಯನ್ನು, ಮೂರನೆಯದು ಪದದ ಕೊನೆಯಲ್ಲಿ ಸುಮ್ಮನೆ ಕುಳಿತ ಬಿಡಿಸುವ ಸಂಕೇತವನ್ನು.

ಎಚ್ಚರಿಕೆ: ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಲು ಹೋಗಬೇಡಿ. ಕನ್ನಡ ಅಂಕಿ ಬಳಸಿದ ಲೇಖನದಲ್ಲಿ ೧೦ ಎಂಬುದು ೧ಂ ಆಗಿಬಿಡುತ್ತದೆ. ಬಿಡಿಸುವ ಸಂಕೇತವನ್ನು ಎಲ್ಲ ಕಡೆಯಿಂದಲೂ ಅಳಿಸಿದರೆ ಸಾಫ್ಟ್‌ವೇರ್‌ಗಳೆಲ್ಲ ಒತ್ತಾಗಿ ಸೇರಿಕೊಳ್ಳುತ್ತವೆ. ಒಂದೊಂದನ್ನೇ ನೋಡಿ ಬದಲಿಸಿ.

5. ಮುಟ್ಟಬಾರದವು ಯಾವುವೆಂದು ಹೇಳಿ

ವ್ಯಕ್ತಿಗಳ, ಸಂಸ್ಥೆಗಳ ಹೆಸರನ್ನು ಅವರವರು ಬರೆದುಕೊಳ್ಳುವಂತೆಯೇ ಬಿಡಬೇಕು. ನಿಮ್ಮ ಮನೆಯಲ್ಲಿ 'ಎಚ್' ಎಂದು ನಿಯಮವಿದ್ದರೂ ಒಬ್ಬರು ತಮ್ಮ ಇನಿಷಿಯಲ್ ಅನ್ನು 'ಹೆಚ್' ಎಂದು ಬರೆದರೆ ಅದು ಅವರ ಹೆಸರು. ನೀವು ಮುಂಬೈ ಎಂದು ಬರೆಯಿರಿ, ಸಂಘವೊಂದರ ಫಲಕದಲ್ಲಿ ಮುಂಬಯಿ ಎಂದಿದ್ದರೆ ಹೆಸರಿನಲ್ಲಿ ಮುಂಬಯಿಯೇ ಇರಲಿ.

ಊರಿನ ಹೆಸರುಗಳಿಗೆ ಒಂದು ಗೆರೆ ಹಾಕಿಕೊಳ್ಳಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬರಹದ ಬದಲಾವಣೆಗಳು, ಮೈಸೂರು ಕನ್ನಡದಲ್ಲಿ ಮೊದಲೂ ಮೈಸೂರೇ ಆಗಿತ್ತು. ಕನ್ನಡದಲ್ಲಿ ಎದ್ದು ಕಾಣುವಂತೆ ಬದಲಾದವು ಗುಲ್ಬರ್ಗ ಮತ್ತು ಬಿಜಾಪುರ. ಈಗ ಕಲಬುರಗಿ, ವಿಜಯಪುರ. ಕಲಬುರ್ಗಿ ಎಂಬ ಮೂರನೆಯ ರೂಪವೂ ಓಡಾಡುವುದರಿಂದ ಹಾಳೆಯಲ್ಲಿ ಒಂದನ್ನು ಬರೆದಿಡಿ. ಚರಿತ್ರೆಯ ಲೇಖನದಲ್ಲಿ ಬಿಜಾಪುರದ ಸುಲ್ತಾನರನ್ನು ವಿಜಯಪುರದ ಸುಲ್ತಾನರಾಗಿಸುವ ಯಾಂತ್ರಿಕ ತಿದ್ದುಪಡಿ ಬೇಡ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, ಆ ಊರಿನ ಸುದ್ದಿಯಾದರೆ ತಾಲ್ಲೂಕಿನ ಹೆಸರು ಜೊತೆಗಿರಲಿ.

ಕವಿತೆ, ಉದ್ಧರಣೆ, ಹಳೆಯ ದಾಖಲೆ, ಸಂಭಾಷಣೆಯಲ್ಲಿನ ಆಡುನುಡಿ ಇವೂ ಹಾಳೆಯ ಹೊರಗೆ. ಬರಹ ಆಡುಮಾತಿನ ಉಚ್ಚಾರಣೆಗೆ ಹತ್ತಿರವಿರಬೇಕೆಂಬ ಎಲ್ಲರಕನ್ನಡದ ನಿಲುವಿನಿಂದ ಮಹಾಪ್ರಾಣ ಬಿಟ್ಟು ಬರೆಯುವ ಲೇಖಕರಿದ್ದಾರೆ. ಅವರ ಬರಹದಲ್ಲಿ ಬಾಶೆ ಎಂದಿರುವುದು ಕೈತಪ್ಪಲ್ಲ. ಪ್ರಕಟಿಸುವುದಾದರೆ ಹಾಗೆಯೇ ಪ್ರಕಟಿಸಿ, ಇಲ್ಲವಾದರೆ ಮೊದಲೇ ಮಾತಾಡಿಕೊಳ್ಳಿ. ಅರ್ಧ ತಿದ್ದಿ ಅರ್ಧ ಬಿಟ್ಟ ಪಠ್ಯ ಇಬ್ಬರಿಗೂ ಅವಮಾನ.

6. ಈಗ ಪುಟವನ್ನು ಬರೆಯಿರಿ

ಎ4 ಅಳತೆಯ ಒಂದೇ ಮಗ್ಗುಲು, ಓದಲು ಕಷ್ಟವಾಗದ ಅಕ್ಷರ. ಮೇಲೆ ತಂಡಕ್ಕೆ ನಾಲ್ಕು ಸಾಲಿನ ಟಿಪ್ಪಣಿ, ನಡುವೆ ನಿಯಮಗಳು, ಕೆಳಗೆ ಅಕಾರಾದಿಯಾಗಿ ಪದಗಳ ಪಟ್ಟಿ. ಪಟ್ಟಿಯಲ್ಲಿ ನಲವತ್ತು ಪದ ದಾಟಿದರೆ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಹಾಗಾದಾಗ ಅಕ್ಷರ ಕುಗ್ಗಿಸಬೇಡಿ, ಅಪರೂಪಕ್ಕೆ ಬರುವ ಪದಗಳನ್ನು ಕಿತ್ತುಹಾಕಿ. ಕಾರಣಗಳನ್ನು ಬರೆಯುತ್ತಾ ಕೂರಬೇಡಿ, ಕೇಳಿದವರಿಗೆ ಬಾಯಲ್ಲಿ ಹೇಳಿದರಾಯಿತು. ಸಾಮಾನ್ಯ ಓದುಗರ ಮಾಸಪತ್ರಿಕೆಯೊಂದಕ್ಕೆ ಹೊಂದುವ ಮಾದರಿ ಇಲ್ಲಿದೆ, ಪದಗಳ ಪಟ್ಟಿಯನ್ನು ಮೊಟಕುಗೊಳಿಸಿದ್ದೇನೆ.

> ಸ್ನೇಹಿತರೇ,
>
> ಮುಂದಿನ ಸಂಚಿಕೆಯಿಂದ ಕೆಳಗಿನ ರೂಪಗಳನ್ನೇ ಬಳಸೋಣ. ಬಿಟ್ಟ ರೂಪಗಳು ತಪ್ಪೆಂದು ಅರ್ಥವಲ್ಲ, ನಮ್ಮ ಪುಟಗಳಲ್ಲಿ ಒಂದೇ ರೂಪ ಇರಲಿ ಎಂದಷ್ಟೇ. ಇಲ್ಲಿ ಇಲ್ಲದ ಪದಕ್ಕೆ ಪರಿಷತ್ತಿನ ಸಂಕ್ಷಿಪ್ತ ನಿಘಂಟು ನೋಡಿ. ಅಲ್ಲೂ ಇತ್ಯರ್ಥವಾಗದಿದ್ದರೆ ನನ್ನನ್ನು ಕೇಳಿ, ನಾನಿಲ್ಲದಿದ್ದರೆ ಲೇಖಕರು ಬರೆದಂತೆ ಬಿಡಿ.
>
> ನಿಯಮಗಳು
>
> ಕೊನೆಯ ಸ್ವರ ಹ್ರಸ್ವ: ಎಲ್ಲ, ಕೂಡ. ಆದರೆ 'ಹಾಗೂ' ದೀರ್ಘ.
>
> ಒತ್ತುಗಳ ಸರಳ ರೂಪ: ತತ್ವ, ಸತ್ವ, ಮಹತ್ವ, ಉಜ್ವಲ.
>
> ಎರವಲು ಪದ ಒಂಟಿಯಾಗಿ ಬಂದರೆ ಬಸ್, ಬ್ಯಾಂಕ್. ಪ್ರತ್ಯಯ ಸೇರಿದರೆ ಬಸ್ಸಿನಲ್ಲಿ, ಬಸ್ಸುಗಳು, ಬ್ಯಾಂಕಿಗೆ, ಬ್ಯಾಂಕುಗಳು. ಕಾರು, ರೈಲು ಯಾವಾಗಲೂ ಉಕಾರಾಂತ. ಹೊಸ ಪದಗಳು: ಲ್ಯಾಪ್‌ಟಾಪ್‌ನಲ್ಲಿ, ಲ್ಯಾಪ್‌ಟಾಪ್‌ಗಳು.
>
> ಆ್ಯಪ್, ಆ್ಯಪ್‌ಗಳು. ಸ್ಟೇಷನ್, ಅಪ್ಲಿಕೇಷನ್. ಫ, ಜ ಕೆಳಗೆ ಚುಕ್ಕಿ ಬೇಡ.
>
> ರ‍್ಯಾಂಕ್, ರ‍್ಯಾಲಿ. ಅರ್ಕಾವೊತ್ತು ಬಂದಿದ್ದರೆ ತಿದ್ದಿ.
>
> ಅಂಕಿಗಳು 1, 2, 3. ಪ್ರತ್ಯಯ ಅಂಕಿಗೆ ಅಂಟಿರಲಿ: 5ನೇ, 2014ರಲ್ಲಿ, 10ಕ್ಕೆ. ಬರಹದ ನಡುವೆ 500 ರೂಪಾಯಿ, ಕೋಷ್ಟಕದಲ್ಲಿ ₹500.
>
> ಡಾ. ಎಂದು ಒಂದು ಚುಕ್ಕಿ. ಎರಡು ಗೀಟು ಬೇಡ.
>
> ಪದಗಳು
>
> ಇಂಗ್ಲಿಷ್ (ಇಂಗ್ಲಿಷಿನಲ್ಲಿ), ಏಪ್ರಿಲ್, ಕಚೇರಿ, ಕಲಬುರಗಿ, ತಾಲ್ಲೂಕು, ದೆಹಲಿ, ಪೊಲೀಸ್ (ಪೊಲೀಸರು), ಮುಂಬೈ, ಶಿಫಾರಸು, ಸರ್ಕಾರ (ಸರ್ಕಾರಿ)
>
> ಮುಟ್ಟಬೇಡಿ: ಹೆಸರುಗಳು, ಉದ್ಧರಣೆ, ಪದ್ಯ, ಸಂಭಾಷಣೆ.

'ಲೇಖಕರು ಬರೆದಂತೆ ಬಿಡಿ' ಎಂಬ ಸಾಲನ್ನು ಬಿಟ್ಟುಬಿಡಬೇಡಿ. ಅದಿಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಒಂದು ಪದಕ್ಕಾಗಿ ಪುಟ ನಿಂತಿರುತ್ತದೆ. 'ಆದರೆ ಹಾಗೂ ದೀರ್ಘ' ಎಂಬಂಥ ಅಪವಾದವನ್ನು ನಿಯಮದ ಸಾಲಿನಲ್ಲೇ ಬರೆಯಿರಿ, ಪುಟದ ಕೊನೆಗೆ ಕಳಿಸಿದರೆ ಯಾರೂ ನೋಡುವುದಿಲ್ಲ. ಸರ್ಕಾರವನ್ನು ಆರಿಸಿದ್ದಕ್ಕೆ ಕಾರಣ ಕೇಳಿದರೆ, ರಾಜ್ಯದ ಅಧಿಕೃತ ಪತ್ರಗಳ ಮೇಲೆ ಕರ್ನಾಟಕ ಸರ್ಕಾರ ಎಂದೇ ಇರುತ್ತದೆ, ಅದನ್ನು ಉದ್ಧರಿಸುವ ಪತ್ರಿಕೆಗೆ ಒಂದೇ ಪುಟದಲ್ಲಿ ಎರಡು ರೂಪ ಬರುವುದು ತಪ್ಪುತ್ತದೆ.

7. ಇಬ್ಬರ ಕೈಯಲ್ಲಿ ಪರೀಕ್ಷಿಸಿ, ದಿನಾಂಕ ಹಾಕಿ

ಹಂಚುವ ಮುಂಚೆ ಇನ್ನೂ ತಿದ್ದದ ಒಂದು ಲೇಖನವನ್ನು ಇಬ್ಬರಿಗೆ ಕೊಟ್ಟು, ಹಾಳೆಯೊಂದನ್ನೇ ನೋಡಿಕೊಂಡು ಬೇರೆ ಬೇರೆಯಾಗಿ ತಿದ್ದಲು ಹೇಳಿ. ಇಬ್ಬರ ಪ್ರತಿಗಳೂ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ದೋಷ ಅವರದಲ್ಲ, ಹಾಳೆಯದು. ಸಾಮಾನ್ಯವಾಗಿ ಅದು ವಿಭಕ್ತಿ ರೂಪ ಕೊಡದ ಪದವೇ ಆಗಿರುತ್ತದೆ. ಇಂಗ್ಲಿಷ್ ಎಂದಷ್ಟೇ ಬರೆದಿದ್ದರೆ ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಇಂಗ್ಲಿಷ್‌ನಲ್ಲಿ ಮಾಡಿರುತ್ತಾರೆ.

ಪುಟದ ಮೂಲೆಯಲ್ಲಿ ದಿನಾಂಕ ಇರಲಿ. ಹೊಸ ಪದ ಬಂದಾಗಲೆಲ್ಲ ಹಾಳೆಯನ್ನು ಬದಲಿಸಬೇಡಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆ ಅಥವಾ ಎರಡು ಸಲ ಹೊಸ ಪ್ರತಿ ತೆಗೆಯಿರಿ. ಪದ ಸೇರಿದಾಗ ಒಂದನ್ನು ತೆಗೆಯುವುದೂ ಅಭ್ಯಾಸವಾಗಲಿ. ತಂಡದ ಯಾರೂ ಈಗ ಎಡವದ ಪದಕ್ಕೆ ಜಾಗ ಕೊಟ್ಟು ಪ್ರಯೋಜನವಿಲ್ಲ. ಹಳೆಯ ಪ್ರತಿಗಳನ್ನು ಗೋಡೆಯಿಂದ ಕಿತ್ತುಹಾಕಿ, ಎರಡು ದಿನಾಂಕಗಳ ಎರಡು ಹಾಳೆ ಅಕ್ಕಪಕ್ಕ ನೇತಾಡುತ್ತಿದ್ದರೆ ಹಾಳೆ ಇಲ್ಲದಿರುವುದೇ ವಾಸಿ.

ಹಳೆಯ ಸಂಚಿಕೆಗಳನ್ನು ಹೊಸ ನಿಯಮಕ್ಕೆ ತಕ್ಕಂತೆ ತಿದ್ದಬೇಕೇ ಎಂದು ಕೇಳುವವರಿದ್ದಾರೆ. ಬೇಡ, ಅಚ್ಚಾದದ್ದು ಅಚ್ಚಾದಂತೆಯೇ ಇರಲಿ. ನಿಮ್ಮ ಬರಹಗಳು ಜಾಲತಾಣದಲ್ಲೂ ಇದ್ದರೆ, ಬಿಟ್ಟುಕೊಟ್ಟ ರೂಪಗಳನ್ನು ಲೇಖನದ ಹುಡುಕುಪದಗಳ ಜಾಗದಲ್ಲಿ ಸೇರಿಸಿಡಿ. ಸರಕಾರ, ಕಛೇರಿ, ಗುಲ್ಬರ್ಗ ಎಂದು ಬೆರಳಚ್ಚಿಸಿ ಹುಡುಕುವ ಓದುಗರಿಗೂ ನಿಮ್ಮ ಲೇಖನ ಸಿಗುತ್ತದೆ.